ಲಿಫ್ಟಿನ ರಿನ್ಯೂವಲ್ ಪತ್ರ ಮತ್ತು ಹದಿನೇಳು ಹಳದಿ ಚೀಟಿಗಳು

ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಫೀಸ್ ಮ್ಯಾನೇಜರ್ ನಾನು. ನಾಲ್ಕು ಮಹಡಿಯ ಕಟ್ಟಡ, ಎರಡು ಲಿಫ್ಟ್. ಹೋದ ವರ್ಷದವರೆಗೆ ಲಿಫ್ಟ್ ಎಎಂಸಿಯ, ಅಂದರೆ ವಾರ್ಷಿಕ ನಿರ್ವಹಣೆ ಕರಾರಿನ, ರಿನ್ಯೂವಲ್ ಪತ್ರ ಬಂದರೆ ನಾನು ನೋಡುತ್ತಿದ್ದದ್ದು ಒಂದೇ ಸಾಲು, ಮೊತ್ತ. ಆಮೇಲೆ ಲಿಫ್ಟ್ ಕಂಪನಿಯ ಬೆಂಗಳೂರು ಆಫೀಸಿಗೆ ಫೋನ್ ಮಾಡಿ "ಸ್ವಲ್ಪ ಕಡಿಮೆ ಮಾಡಿ ಸರ್" ಅನ್ನುವುದು, ಅವರು ಎರಡು ಸಾವಿರ ಇಳಿಸುವುದು, ನಾವು ಚೆಕ್ ಕಳಿಸುವುದು. ಇಷ್ಟನ್ನೇ ಚೌಕಾಸಿ ಅಂದುಕೊಂಡಿದ್ದೆ.

ಈ ಸಲ ಪತ್ರ ಬಂದದ್ದು ಜುಲೈ 19ಕ್ಕೆ. ಕರಾರು ಮುಗಿಯುವುದು ಜುಲೈ 31ಕ್ಕೆ. ಎರಡು ಲಿಫ್ಟಿಗೆ 96,000 ಇದ್ದದ್ದು 1,08,000 ಆಗಿತ್ತು, ಮೇಲೆ ಶೇ 18 ಜಿಎಸ್‌ಟಿ. ಶಿಕ್ಷಣ ಸಂಸ್ಥೆಯಾದ್ದರಿಂದ ಆ ತೆರಿಗೆ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುವುದಿಲ್ಲ, ಪೂರ್ತಿ ಖರ್ಚೇ. ಅಂದರೆ ಕೈಯಿಂದ ಹೋಗುವುದು 1,27,440. ಹನ್ನೆರಡು ದಿನದಲ್ಲಿ ಬೇರೆಯವರ ಕೊಟೇಶನ್ ತರಿಸಿ, ಓದಿ, ಆಡಳಿತ ಮಂಡಳಿಗೆ ಹೇಳುವುದು ಆಗದ ಮಾತು. ಇಷ್ಟು ತಡವಾಗಿ ಪತ್ರ ಕಳಿಸುವುದು ಮರೆವಿನಿಂದ ಅಂತ ನನಗೆ ಈಗ ಅನ್ನಿಸುವುದಿಲ್ಲ.

ಹಾಗಾಗಿ ಮೊದಲು ಬರೆದದ್ದು ನಾಲ್ಕೇ ಸಾಲಿನ ಪತ್ರ: ಆಗಸ್ಟ್ ಒಂದು ತಿಂಗಳು ಹಳೆಯ ದರದಲ್ಲೇ, ಅಂದರೆ 8,000 ಮತ್ತು ಜಿಎಸ್‌ಟಿಗೆ, ಹಳೆಯ ಷರತ್ತುಗಳ ಮೇಲೆ ಮುಂದುವರಿಸಿ, ಹೊಸ ಕರಾರು ಸೆಪ್ಟೆಂಬರ್ 1ರಿಂದ. ಒಪ್ಪಿದರು. ಲಿಫ್ಟಿಗೆ ಕರಾರಿಲ್ಲದ ಒಂದು ದಿನವೂ ಇರಬಾರದು ಎಂಬ ಹೆದರಿಕೆ ನಮ್ಮದು, ಹಳೆ ಗಿರಾಕಿ ಕೈತಪ್ಪಬಾರದು ಎಂಬುದು ಅವರದು. ಆ ಒಂದು ತಿಂಗಳಿಂದಲೇ ಮುಂದಿನದೆಲ್ಲ ಆದದ್ದು.

ಆಮೇಲೆ ಫೈಲ್ ಬಿಚ್ಚಿದೆ. ಟೆಕ್ನಿಷಿಯನ್ ಬಂದು ಹೋದಾಗ ಕೊಡುವ ಹಳದಿ ಕಾರ್ಬನ್ ಚೀಟಿಗಳನ್ನು ನಮ್ಮ ಎಲೆಕ್ಟ್ರಿಷಿಯನ್ ಒಂದು ತಂತಿಗೆ ಪೋಣಿಸಿಟ್ಟಿದ್ದರು. ಕರಾರಿನ ಪ್ರಕಾರ ತಿಂಗಳಿಗೊಂದು ಸರ್ವಿಸ್, ಎರಡು ಲಿಫ್ಟಿಗೆ ವರ್ಷಕ್ಕೆ 24. ಚೀಟಿ ಇದ್ದದ್ದು 17. ದಸರಾ ತಿಂಗಳಲ್ಲಿ ಎರಡೂ ಇಲ್ಲ, ಏಪ್ರಿಲ್ ಮತ್ತು ಮೇನಲ್ಲಿ ಎರಡೆರಡು ಇಲ್ಲ, ಜನವರಿಯಲ್ಲಿ ಎರಡನೇ ಲಿಫ್ಟಿನದಿಲ್ಲ.

"ಏಳು ಸರ್ವಿಸ್ ತಪ್ಪಿಸಿದ್ದೀರಿ" ಅಂತ ಅವತ್ತೇ ಮೇಲ್ ಮಾಡುವವಳಿದ್ದೆ. ನಮ್ಮ ಎಲೆಕ್ಟ್ರಿಷಿಯನ್ ತಡೆದರು. "ಮೇಡಂ, ಚೀಟಿ ಕಳ್ದೋಗಿದ್ರೆ? ಗೇಟ್ ಬುಕ್ ನೋಡಿ" ಅಂದರು. ಸೆಕ್ಯುರಿಟಿಯವರ ರಿಜಿಸ್ಟರ್ ತರಿಸಿದೆ. ಜನವರಿಯಲ್ಲಿ ಟೆಕ್ನಿಷಿಯನ್ ಬಂದು ಸಹಿ ಹಾಕಿದ್ದ, ಚೀಟಿ ಕಳೆದದ್ದು ನಮ್ಮ ಕೈಯಲ್ಲಿ. ಉಳಿದ ಆರಕ್ಕೆ ಗೇಟಿನಲ್ಲೂ ಸಹಿ ಇರಲಿಲ್ಲ. ಲೆಕ್ಕ ಆರಕ್ಕೆ ನಿಂತಿತು. ಒಂದು ಸರ್ವಿಸಿಗೆ 96,000 ಭಾಗಿಸು 24, ಅಂದರೆ 4,000. ಒಟ್ಟು 24,000 ರೂಪಾಯಿಯ ಕೆಲಸ ಆಗಿರಲಿಲ್ಲ. ಏಳು ಅಂತ ಬರೆದಿದ್ದರೆ ಅವರು ಜನವರಿಯ ತಮ್ಮ ಪ್ರತಿ ತೋರಿಸುತ್ತಿದ್ದರು, ಉಳಿದ ಆರೂ ಅನುಮಾನಕ್ಕೆ ಬೀಳುತ್ತಿದ್ದವು.

ಬ್ರೇಕ್‌ಡೌನ್ ಕಾಲ್‌ಗಳ ಕಥೆ ಬೇರೆ. ವರ್ಷದಲ್ಲಿ 14 ಸಲ ಕರೆಸಿದ್ದೆವು. ಅದರಲ್ಲಿ ಒಂಬತ್ತು ಎರಡನೇ ಲಿಫ್ಟಿನ ಬಾಗಿಲಿನದೇ. ಮುಚ್ಚಲು ಹೋಗಿ ಮತ್ತೆ ತೆರೆದುಕೊಳ್ಳುವುದು. ಆರು ಚೀಟಿಗಳಲ್ಲಿ ಒಂದೇ ಮಾತು: ಬಾಗಿಲು ಅಡ್ಜಸ್ಟ್ ಮಾಡಿದೆ, ಲಿಫ್ಟ್ ಸರಿ ಇದೆ. ತಾರೀಕು ಜೋಡಿಸಿದರೆ ಎರಡು ಕಡೆ ಹತ್ತು ದಿನದ ಒಳಗೇ ಮತ್ತೆ ಅದೇ ದೂರು. ಹೀಗೆ ಅಡ್ಜಸ್ಟ್‌ಮೆಂಟ್ ಮರುಕಳಿಸಿದರೆ ಮೂಲ ಕಾರಣ ಯಾರೂ ಹುಡುಕಿಲ್ಲ ಅಂತಲೇ ಅರ್ಥ. ಕೊನೆಗೆ ಸಿಕ್ಕಿದ್ದು ಬಾಗಿಲು ಓಡುವಾಗ ಉಜ್ಜಿ ಉಜ್ಜಿ ತುಂಡಾಗಿದ್ದ ಸೆನ್ಸರ್ ಕೇಬಲ್. ಉಳಿದ ಮೂರು ಮಾತ್ರ ನಮ್ಮ ತಪ್ಪು. ಬಾಗಿಲು ಜಾರುವ ಕೆಳಗಿನ ತೋಡಿನಲ್ಲಿ ಹೇರ್‌ಪಿನ್, ಪೆನ್ನಿನ ಮುಚ್ಚಳ, ಒಂದು ಸಲ ನೆಲ ಒರೆಸಿದ ನೀರು.

ಈ ಸೆನ್ಸರಿನಲ್ಲೇ ನನ್ನ ಮಾನ ಹೋಗುವ ಸಂಗತಿ ಇತ್ತು. ಅದಕ್ಕೆ ಕಂಪನಿಯವರು 14,500 ಮತ್ತು ಜಿಎಸ್‌ಟಿ, ಒಟ್ಟು 17,110 ಬಿಲ್ ಮಾಡಿದ್ದರು, ನಾನೇ ಪಾಸ್ ಮಾಡಿದ್ದೆ. ನಮ್ಮದು ಬಿಡಿಭಾಗ ಸೇರಿದ ಕಾಂಪ್ರಹೆನ್ಸಿವ್ ಕರಾರು. ಏನೇನು ಸೇರುವುದಿಲ್ಲ ಎಂಬ ಪಟ್ಟಿ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು: ಬ್ಯಾಟರಿ, ಲೈಟು, ಫ್ಯಾನು, ಕ್ಯಾಬಿನ್ನಿನ ಒಳಗಿನ ಶೀಟು, ನೀರು ನುಗ್ಗಿ ಅಥವಾ ವೋಲ್ಟೇಜ್ ಏರಿಳಿದು ಆದ ಹಾನಿ. ಸೆನ್ಸರ್ ಆ ಪಟ್ಟಿಯಲ್ಲಿಲ್ಲ. ಬಿಲ್ಲಿನಲ್ಲಿ "ವೋಲ್ಟೇಜ್ ಹಾನಿ" ಅಂತ ಬರೆದಿದ್ದರು. ಅವರದೇ ಟೆಕ್ನಿಷಿಯನ್ನಿನ ಚೀಟಿಯಲ್ಲಿ "ಕೇಬಲ್ ಉಜ್ಜಿ ತುಂಡಾಗಿದೆ" ಅಂತಿತ್ತು. ಬಿಲ್ಲನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಬಿಲ್ಲು ಅಕೌಂಟ್ಸ್ ಫೈಲಿನಲ್ಲಿ, ಚೀಟಿ ಎಲೆಕ್ಟ್ರಿಷಿಯನ್ ತಂತಿಯಲ್ಲಿ!

ಇನ್ನು ದರ ಹೋಲಿಕೆ. ಮೈಸೂರಿನಲ್ಲೇ ಇರುವ ಇಬ್ಬರು ಲಿಫ್ಟ್ ಸರ್ವಿಸಿನವರನ್ನು ಕರೆಸಿ ಕೊಟೇಶನ್ ತಗೊಂಡೆ. ಒಬ್ಬರದು 54,000, ಇನ್ನೊಬ್ಬರದು 84,000. ನಮ್ಮ ಪ್ರಿನ್ಸಿಪಾಲರಿಗೆ 54,000 ನೋಡಿ ಖುಷಿಯೋ ಖುಷಿ. ಆದರೆ ಅದು ಕೂಲಿ ಮಾತ್ರ, ಬಿಡಿಭಾಗದ ದುಡ್ಡು ಬೇರೆ. 84,000ದಲ್ಲಿ ಬಿಡಿಭಾಗ ಸೇರಿದೆ, ಆದರೆ ಮೋಟರಿನ ವೇಗ ನಿಯಂತ್ರಿಸುವ ಡ್ರೈವ್, ಇಡೀ ಲಿಫ್ಟನ್ನು ನಡೆಸುವ ಕಂಟ್ರೋಲರಿನ ಕಾರ್ಡ್, ಹಗ್ಗ ಸೇರಿಲ್ಲ. ಮೂರನ್ನೂ ಒಂದೇ ತಕ್ಕಡಿಗೆ ಹಾಕದೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಇಲ್ಲೂ ಹಳದಿ ಚೀಟಿಗಳೇ ಬೇಕಾದವು. ಹಿಂದಿನ ವರ್ಷ ಕಂಪನಿಯವರು ದುಡ್ಡಿಲ್ಲದೆ ಹಾಕಿಕೊಟ್ಟ ಭಾಗಗಳನ್ನು ಬರೆದುಕೊಂಡೆ: ಬಾಗಿಲಿನ ಬೆಲ್ಟ್, ರೋಲರ್‌ಗಳು, ಒಂದು ಕಾಂಟ್ಯಾಕ್ಟರ್. ಮೊದಲನೆಯವರನ್ನೇ ಕೇಳಿದರೆ ಅವಕ್ಕೆ 21,000 ಅಂದರು. ಸೆನ್ಸರ್ 14,500. ಡ್ರೈವ್ 70,000 ಆಗುತ್ತದಂತೆ. ಎರಡು ವರ್ಷದ ಹಿಂದೆ ಒಂದು ಲಿಫ್ಟಿನದು ಹೋಗಿತ್ತು. ಐದು ವರ್ಷಕ್ಕೊಂದು ಹೋಗುತ್ತದೆ ಅಂತ ಅಂದಾಜಿಟ್ಟರೂ ವರ್ಷಕ್ಕೆ 14,000. ಎಲ್ಲ ಕೂಡಿದರೆ 54,000 ಹೋಗಿ 1,03,500 ಆಯಿತು. ಎರಡನೆಯವರದು ಡ್ರೈವಿನ ಪಾಲು ಸೇರಿ 98,000. ಬ್ಯಾಟರಿ ಯಾರ ಕರಾರಿನಲ್ಲೂ ಸೇರಿಲ್ಲ, ಅದನ್ನು ಲೆಕ್ಕಕ್ಕೇ ತರಲಿಲ್ಲ. ಡ್ರೈವಿನ ಅಂದಾಜು ನನ್ನದೇ, ತಪ್ಪಿರಬಹುದು. ಆದರೂ ಒಂದು ಚಿತ್ರ ಸಿಕ್ಕಿತು: ಕಂಪನಿಯವರ 1,08,000 ಅನ್ಯಾಯದ ಬೆಲೆ ಅಲ್ಲ, ಹತ್ತು ಸಾವಿರದಷ್ಟು ಜಾಸ್ತಿ, ಅಷ್ಟೇ.

ಇನ್ನೊಂದು ಪ್ರಶ್ನೆ ಇಬ್ಬರಿಗೂ ಕೇಳಿದ್ದೆ: ಕಂಟ್ರೋಲರ್ ಕಾರ್ಡ್ ಹೋದರೆ? "ಅವರ ಕಾರ್ಡ್ ನಮಗೆ ಸಿಗಲ್ಲ ಮೇಡಂ, ಇಡೀ ಕಂಟ್ರೋಲರೇ ಬದಲಾಯಿಸ್ಬೇಕಾಗುತ್ತೆ" ಅಂದರು ಒಬ್ಬರು. ಪ್ರಾಮಾಣಿಕ ಮನುಷ್ಯ. ಇದು ಕಂಪನಿಯವರಿಗೂ ಗೊತ್ತು. ಆದ್ದರಿಂದ "ಬಿಟ್ಟು ಬೇರೆಯವರ ಹತ್ತಿರ ಹೋಗುತ್ತೇವೆ" ಅಂತ ಪತ್ರದಲ್ಲಿ ಬರೆಯಲೇ ಇಲ್ಲ. ಬರಿಯ ಬೆದರಿಕೆ ಅಂತ ಅವರಿಗೆ ಕೂಡಲೇ ತಿಳಿಯುತ್ತಿತ್ತು.

ಪತ್ರ ಇಂಗ್ಲಿಷಿನಲ್ಲಿ ಹೋಯಿತು, ಒಂದೂವರೆ ಪುಟ. ತಪ್ಪಿದ ಆರು ಸರ್ವಿಸಿನ ತಿಂಗಳುಗಳು, ಬಾಗಿಲಿನ ಒಂಬತ್ತು ಕಾಲ್‌ಗಳ ತಾರೀಕು, ಸೆನ್ಸರ್ ಬಿಲ್ಲಿನ ಮತ್ತು ಚೀಟಿಯ ಜೆರಾಕ್ಸ್. ಒಂಬತ್ತರಲ್ಲಿ ಮೂರು ನಮ್ಮಿಂದಲೇ ಆದದ್ದು, ತೋಡು ದಿನಾ ಗುಡಿಸಲು ಹೇಳಿದ್ದೇವೆ ಅಂತಲೂ ಬರೆದೆ. ಆ ಸಾಲು ಬೇಡ ಅಂದರು ಪ್ರಿನ್ಸಿಪಾಲರು. ಇರಲಿ ಅಂದೆ. ಮಾತುಕತೆಗೆ ಬಂದ ಸೇಲ್ಸ್ ಎಂಜಿನಿಯರ್ "ನಿಮ್ಮ ಹುಡುಗರೇ ಬಾಗಿಲು ಹಾಳು ಮಾಡ್ತಾರೆ" ಅನ್ನುವ ಮಾತು ತೆಗೆಯಲೇ ಇಲ್ಲ, ಉಳಿದ ಆರಕ್ಕೆ ಉತ್ತರ ಕೊಡಬೇಕಾಯಿತು.

ಅವರ ಒಂದು ವಾದ, ಏಪ್ರಿಲ್ ಮೇನಲ್ಲಿ ಕಾಲೇಜು ರಜೆ. ಅಡ್ಮಿಷನ್ ಕಾಲ, ಆಫೀಸ್ ಒಂದು ದಿನವೂ ಮುಚ್ಚಿರಲಿಲ್ಲ ಅಂತ ಗೇಟ್ ಬುಕ್ ತೋರಿಸಿದೆ. ಇನ್ನೊಂದು ವಾದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಕಾಲ್ ಮಾಡಿದ ನಾಲ್ಕು ಗಂಟೆಯೊಳಗೆ ಬರಬೇಕು ಅಂತ ಕರಾರಿನಲ್ಲಿತ್ತು, ಐದು ಸಲ ಮಾರನೇ ದಿನ ಬಂದಿದ್ದರು. "ನೀವು ಎಷ್ಟು ಗಂಟೆಗೆ ಕಾಲ್ ಮಾಡಿದ್ರಿ?" ಚೀಟಿಯಲ್ಲಿ ಬಂದ ಹೊತ್ತು, ಹೋದ ಹೊತ್ತು ಇರುತ್ತದೆ, ಕರೆದ ಹೊತ್ತು ಇರುವುದಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಟೆಕ್ನಿಷಿಯನ್ನಿನ ಸ್ವಂತ ನಂಬರಿಗೇ ಫೋನ್ ಮಾಡುತ್ತಿದ್ದರು, ಹಳೆಯ ಕಾಲ್ ಲಿಸ್ಟ್ ಅಳಿಸಿಹೋಗಿತ್ತು. ಆ ಐದನ್ನು ಕೈಬಿಟ್ಟೆ. ಈಗ ಮೊದಲು ಕಸ್ಟಮರ್ ಕೇರಿಗೆ ದೂರು, ಅಲ್ಲಿಂದ ದೂರಿನ ನಂಬರ್ ಸಮೇತ ಮೆಸೇಜ್ ಬರುತ್ತದೆ. ಟೆಕ್ನಿಷಿಯನ್ನಿಗೆ ಫೋನ್ ಆಮೇಲೆ.

ಕೊನೆಗೆ ನಿಂತದ್ದು ಹೀಗೆ. ದರ 1,00,000. ಸೆನ್ಸರಿನ 17,110ಕ್ಕೆ ಕ್ರೆಡಿಟ್ ನೋಟ್. ತಪ್ಪಿದ 24,000ವನ್ನು ವಾಪಸ್ ಕೊಡಲು ಒಪ್ಪಲಿಲ್ಲ. ದರ ಇಳಿಸಿದ್ದೇ ಅದಕ್ಕೆ ಅಂದರು. ನಾನೂ ಹಟ ಹಿಡಿಯಲಿಲ್ಲ, ಏಕೆಂದರೆ ನನಗೆ ಅದಕ್ಕಿಂತ ಬೇಕಾಗಿದ್ದದ್ದು ಮುಂದಿನ ವರ್ಷದ ಷರತ್ತುಗಳು. ತಪ್ಪಿದ ಪ್ರತಿ ಸರ್ವಿಸಿಗೆ ವರ್ಷದ ದರದ ಇಪ್ಪತ್ನಾಲ್ಕನೇ ಒಂದು ಭಾಗ ಕಡಿತ. ವೋಲ್ಟೇಜ್ ಹಾನಿ ಅಂತ ಬಿಲ್ ಮಾಡುವುದಾದರೆ ಅದನ್ನು ಸರ್ವಿಸ್ ಚೀಟಿಯಲ್ಲೇ ಬರೆದು ನಮ್ಮ ಸಹಿ ತಗೊಂಡಿರಬೇಕು. ಒಂದೇ ದೂರು 30 ದಿನದಲ್ಲಿ ಮೂರು ಸಲ ಬಂದರೆ ಹಿರಿಯ ಎಂಜಿನಿಯರ್ ಬಂದು ಕಾರಣ ಬರೆದು ಕೊಡಬೇಕು. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಒಂದು ಗಂಟೆಯೊಳಗೆ ಬರಬೇಕು. ಬೇರೆ ದೂರಿಗೂ ಒಂದೇ ಗಂಟೆ ಕೇಳಿದ್ದೆ, ಮೈಸೂರಿನಲ್ಲಿ ಅಷ್ಟು ಜನ ಇಲ್ಲ ಅಂದರು, ಹಳೆಯ ನಾಲ್ಕು ಗಂಟೆಯೇ ಉಳಿಯಿತು. ರಿನ್ಯೂವಲ್ ಪತ್ರ 60 ದಿನ ಮೊದಲೇ ಬರಬೇಕು.

ಇದೆಲ್ಲಕ್ಕೂ ಬಲ ಬಂದದ್ದು ಪಾವತಿಯ ಷರತ್ತಿನಿಂದ. ಮೊದಲು ಇಡೀ ವರ್ಷದ ದುಡ್ಡು ಮುಂಗಡ ಹೋಗುತ್ತಿತ್ತು. ಕೊಟ್ಟಾದ ದುಡ್ಡಿನಿಂದ ಕಡಿತ ಮಾಡುವುದು ಹೇಗೆ? ಮೂರು ತಿಂಗಳಿಗೊಮ್ಮೆ ಕೊಡುತ್ತೇವೆ ಅಂದೆ, ಆಗಲ್ಲ ಅಂದರು, ಎರಡು ಕಂತಿಗೆ ಬಂದು ನಿಂತಿತು. ಮೊದಲ ಕಂತು ತೆರಿಗೆ ಸೇರಿ 59,000, ಕ್ರೆಡಿಟ್ ನೋಟ್ ಕಳೆದು ನಾವು ಕಟ್ಟಿದ್ದು 41,890. ಎರಡನೆಯದು ಆರು ತಿಂಗಳ ಚೀಟಿ ಎಣಿಸಿದ ಮೇಲೆ.

ಈಗ ಚೀಟಿ, ಬಿಲ್ಲು ಎರಡೂ ನನ್ನ ಟೇಬಲ್ಲಿನ ಒಂದೇ ಫೈಲಿನಲ್ಲಿ. ದಸರಾ ರಜೆ ಶುರುವಾಗುವ ಹಿಂದಿನ ದಿನ ಟೆಕ್ನಿಷಿಯನ್ ಬಂದು ಎರಡೂ ಲಿಫ್ಟ್ ಮುಗಿಸಿ, ಹಳದಿ ಚೀಟಿ ನನ್ನ ಮುಂದಿಟ್ಟ. "ಗೇಟಲ್ಲೂ ಸಹಿ ಹಾಕಿದೀನಿ ಮೇಡಂ, ಬೇಕಾದ್ರೆ ನೋಡ್ಕೊಳಿ" ಅಂದ.