ಕಥೆಯನ್ನು ಎಲ್ಲಿ ನಿಲ್ಲಿಸಬೇಕು?

ಮೌಲ್ಯ ಶಿಕ್ಷಣದ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. "ಈ ಕಥೆಯಿಂದ ಏನು ಕಲಿತಿರಿ?" ಎಂದರೆ ಸಾಕು, "ಸುಳ್ಳು ಹೇಳಬಾರದು ಸಾರ್" ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಒಪ್ಪಿಸಿಬಿಡುತ್ತದೆ. ಚಿಂತಾಮಣಿ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಈ ಪಾಠ ಯೋಜಿಸುವಾಗ ನನ್ನ ಸಮಯವೆಲ್ಲ ಹೋಗುವುದು ಕಥೆ ಹುಡುಕುವುದಕ್ಕಲ್ಲ, ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಗೊತ್ತುಮಾಡುವುದಕ್ಕೆ.

ಪ್ರಾಮಾಣಿಕತೆಯ ಪಾಠಕ್ಕೆ ನಾನೇ ಕಟ್ಟಿಕೊಂಡ ಕಥೆ ಹಾಲಿನ ಡೈರಿಯದು. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಹೋಗಿಬಂದೇ ಶಾಲೆಗೆ ಬರುವವರು. ಗೌರಿಯ ಪಕ್ಕದ ಮನೆಯ ಮುನಿಯಮ್ಮಜ್ಜಿಗೆ ಇರುವುದು ಒಂದೇ ಹಸು. ರಾತ್ರಿ ಕರು ಹಗ್ಗ ಬಿಚ್ಚಿಕೊಂಡು ಹಾಲು ಕುಡಿದುಬಿಟ್ಟಿದೆ. ಅಜ್ಜಿ ಒಂದು ಚೊಂಬು ನೀರು ಬೆರೆಸುವುದನ್ನು ಗೌರಿ ನೋಡುತ್ತಾಳೆ. ಇಬ್ಬರೂ ಒಟ್ಟಿಗೇ ಡೈರಿಗೆ ಹೋಗುತ್ತಾರೆ. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಎಂದಿಗಿಂತ ಆಳಕ್ಕೆ ಇಳಿಯುತ್ತದೆ. ಸೆಕ್ರೆಟರಿ ಅಜ್ಜಿಯನ್ನು ಬಿಟ್ಟು ಗೌರಿಯ ಕಡೆ ತಿರುಗಿ, "ನೀನೂ ಜೊತೇಲೇ ಬಂದ್ಯಲ್ಲಮ್ಮ, ನೀರೇನಾದ್ರೂ ಬಿತ್ತಾ?" ಎನ್ನುತ್ತಾನೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಲ್ಯಾಕ್ಟೋಮೀಟರಿಗೂ ಮುಂಚೆ ನಿಲ್ಲಿಸಿದರೆ ಗೌರಿಯ ಮೇಲೆ ಭಾರವೇ ಬಿದ್ದಿರುವುದಿಲ್ಲ, ನೋಡಿದ್ದನ್ನು ನೋಡಿಲ್ಲವೆಂದುಕೊಂಡು ಮನೆಗೆ ಹೋಗಬಹುದು. ಅವಳು ಉತ್ತರ ಕೊಟ್ಟ ಮೇಲೆ ನಿಲ್ಲಿಸಿದರೆ ತೀರ್ಪು ನಮ್ಮದಾಗುತ್ತದೆ, ಮಕ್ಕಳಿಗೆ ಉಳಿಯುವುದು ಚಪ್ಪಾಳೆ ಮಾತ್ರ.

ಕಥೆ ಕಟ್ಟುವಾಗ ಯೋಜನೆಯ ಹಾಳೆಯಲ್ಲಿ ಎರಡು ಕಾಲಂ ಹಾಕಿಕೊಳ್ಳುತ್ತೇನೆ: ಗೌರಿ ಹೇಳಿದರೆ ಯಾರಿಗೆ ನಷ್ಟ, ಹೇಳದಿದ್ದರೆ ಯಾರಿಗೆ ನಷ್ಟ. ಅಮ್ಮ ಕೂಲಿಗೆ ಹೋದ ದಿನ ಗೌರಿಗೆ ಊಟ ಹಾಕುವವಳು ಇದೇ ಅಜ್ಜಿ. ಇನ್ನೊಂದು ಕಡೆ, ಊರಿನ ಎಲ್ಲರ ಹಾಲೂ ಒಂದೇ ಕಡೆ ಸೇರುತ್ತದೆ, ಗುಣಮಟ್ಟ ಕೆಟ್ಟರೆ ಹೆಸರು ಕೆಡುವುದು ಊರಿನದು. ಒಂದು ಕಾಲಂ ಖಾಲಿ ಉಳಿದರೆ ಅದು ಕಥೆಯ ವೇಷ ಹಾಕಿದ ಉಪದೇಶ, ಮತ್ತೆ ಕಟ್ಟಬೇಕು. ತರಗತಿಯಲ್ಲಿ ಗೌರಿ ಹೆಸರಿನ ಹುಡುಗಿ ಇದ್ದರೆ ಹೆಸರನ್ನೂ ಬದಲಿಸಬೇಕು.

ಪ್ರಶ್ನೆ ಮೂರೇ ಇಟ್ಟುಕೊಂಡಿದ್ದೇನೆ. ಈಗ ಯಾರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ? ಗೌರಿ ಬಾಯಿಬಿಟ್ಟರೆ ಏನಾಗುತ್ತದೆ, ಬಿಡದಿದ್ದರೆ ಏನಾಗುತ್ತದೆ? ಅವಳ ಬಾಯಿಂದ ಬರುವ ಮಾತು ಯಾವುದು? ಮೂರನೆಯದಕ್ಕೆ ಹೆಸರು ಹಾಕದ ಚೀಟಿಯಲ್ಲಿ, ಮೂರು ನಿಮಿಷ ಸದ್ದಿಲ್ಲದೆ, ಆ ಮಾತನ್ನೇ ಬರೆಯಬೇಕು. "ನಿಜ ಹೇಳುತ್ತಾಳೆ" ಎಂದು ಬರೆಯುವುದು ಸುಲಭ. ಅಜ್ಜಿ ಪಕ್ಕದಲ್ಲೇ ನಿಂತಿರುವಾಗ ಯಾವ ಪದಗಳಲ್ಲಿ ಹೇಳುತ್ತಾಳೆ ಎಂದಾಗ ಪೆನ್ನು ನಿಲ್ಲುತ್ತದೆ. "ಅಜ್ಜೀ, ನೀವೇ ಹೇಳಿ" ಎಂದು ಒಬ್ಬರು ಬರೆದಿದ್ದರು. ಹಾಗೆಂದರೆ ಗೌರಿ ತಪ್ಪಿಸಿಕೊಂಡಳೇ, ಅಜ್ಜಿಗೊಂದು ಅವಕಾಶ ಕೊಟ್ಟಳೇ ಎಂಬುದರ ಮೇಲೆ ಉಳಿದ ಪೀರಿಯಡ್ ನಡೆಯಿತು. ನಮ್ಮ ಮಕ್ಕಳಲ್ಲಿ ಅನೇಕರ ಮನೆಮಾತು ತೆಲುಗು. ವಾದ ಕನ್ನಡದಿಂದ ತೆಲುಗಿಗೆ ಜಾರಿತೆಂದರೆ ಅವರು ನನ್ನ ಮುಖ ನೋಡಿ ಉತ್ತರ ಹೇಳುವುದನ್ನು ಬಿಟ್ಟಿದ್ದಾರೆ ಎಂದೇ ನನ್ನ ಲೆಕ್ಕ.

ಆಮೇಲೆ ಕಥೆಯಲ್ಲಿ ಒಂದೇ ಒಂದು ಅಂಶ ಬದಲಿಸುತ್ತೇನೆ. ಬಿ.ಎಡ್. ಓದಿದವರಿಗೆ ಮಕ್ಕಳ ಮನೋವಿಜ್ಞಾನಿ ಪಿಯಾಜೆ ನೆನಪಿರಬೇಕು. 1932ರಲ್ಲಿ ಪ್ರಕಟವಾದ ಅವನ ಅಧ್ಯಯನದಲ್ಲಿ ಮಕ್ಕಳಿಗೆ ಹೇಳಿದ ಕಥೆಗಳಲ್ಲಿ ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಬಟ್ಟಲು ಒಡೆಯುತ್ತಾನೆ, ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು ಎಂದರೆ ಚಿಕ್ಕ ಮಕ್ಕಳು ಒಡೆದ ಬಟ್ಟಲುಗಳ ಸಂಖ್ಯೆ ನೋಡುತ್ತಾರೆ, ದೊಡ್ಡವರಾದಂತೆ ಉದ್ದೇಶ ನೋಡುತ್ತಾರೆ. ನಾನು ಕೇಳುವುದು ಇಷ್ಟೇ: ಇನ್ನೊಬ್ಬರು ಕ್ಯಾನು ತೊಳೆದು ನೀರು ಬಸಿಯಲು ಮರೆತು, ಅಜ್ಜಿಗಿಂತ ಜಾಸ್ತಿ ನೀರು ಸೇರಿದ್ದರೆ? ಎಂಟನೇ ತರಗತಿಯವರು "ಅದು ಬೇಕಂತ ಮಾಡಿದ್ದಲ್ಲ ಸಾರ್" ಎಂದು ಬೇಗ ಹೇಳುತ್ತಾರೆ. "ಡೈರಿಗೆ ಆದ ನಷ್ಟ?" ಎಂದರೆ ಮತ್ತೆ ಯೋಚನೆಗೆ ಬೀಳುತ್ತಾರೆ.

ಈ ಹೊತ್ತಿನಲ್ಲಿ ಮೇಷ್ಟ್ರ ಬಾಯಿಗೆ ಬೀಗ ಬೇಕು. ಒಬ್ಬರಿಗೆ "ವೆರಿ ಗುಡ್" ಎಂದರೆ ಮುಂದಿನ ಹತ್ತು ಉತ್ತರ ಅದರ ನಕಲೇ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ, ತಿದ್ದುವುದಿಲ್ಲ. ಆದರೆ ಯಾರಾದರೂ ಅಜ್ಜಿಯ ಬಡತನವನ್ನೋ ಜಾತಿಯನ್ನೋ ಎತ್ತಿ ಆಡಿದರೆ ಅಲ್ಲಿಗೆ ತಟಸ್ಥತೆ ಮುಗಿಯಿತು, ಮಾತು ನಿಲ್ಲಿಸಿ ಅದು ತಪ್ಪೆಂದು ನೇರವಾಗಿ ಹೇಳುತ್ತೇನೆ. "ನಮ್ಮನೇಲೂ ನೀರು ಹಾಕ್ತಾರೆ" ಎಂದು ಮಗು ಹೇಳಿಬಿಟ್ಟರೆ ಕೆದಕುವುದಿಲ್ಲ. "ಸರಿ, ಗೌರಿ ವಿಷಯಕ್ಕೆ ಬರೋಣ" ಎಂದು ಕಥೆಗೆ ಮರಳುತ್ತೇನೆ. ಮನೆಯ ಗುಟ್ಟು ಹೊರಗೆ ತರಿಸುವುದು ನಮ್ಮ ಕೆಲಸವಲ್ಲ.

ಪಾಠ ಹೇಗಾಯಿತೆಂದು ಚೀಟಿಗಳೇ ಹೇಳುತ್ತವೆ. ಮೊದಲು ಕಥೆಯಲ್ಲಿ ಅಜ್ಜಿಗೆ ಕಾಯಿಲೆಯ ಮೊಮ್ಮಗಳೂ ಇದ್ದಳು. ಚೀಟಿಗಳೆಲ್ಲ ಅಜ್ಜಿಯ ಪರವೇ ಬಂದವು. ಮೊಮ್ಮಗಳನ್ನು ತೆಗೆದು ಕರುವನ್ನು ಉಳಿಸಿಕೊಂಡೆ. ಮುಂದಿನ ಸೆಕ್ಷನ್ನಿನಲ್ಲಿ ಚೀಟಿಗಳು ಎರಡೂ ಕಡೆಗೆ ಒಡೆದವು.