ಸೆಪ್ಸಿಸ್ ಪಟ್ಟಿಯಲ್ಲಿ ಬರೆಯುವ ಗಂಟೆ ಯಾವುದು?

ಎಮರ್ಜೆನ್ಸಿಯ ಕೇಸ್ ಶೀಟ್‌ಗಳನ್ನು ಓದಿ ಸೆಪ್ಸಿಸ್ ಪಟ್ಟಿಗೆ ಇಳಿಸುವ ಕೆಲಸ ನನ್ನದು. ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ತೋರುವ ವಿಪರೀತ ಪ್ರತಿಕ್ರಿಯೆಯಿಂದ ಅಂಗಾಂಗಗಳೇ ಕೆಡುವ ಸ್ಥಿತಿ. ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಕಲ್ಚರ್, ರಕ್ತನಾಳಕ್ಕೆ ಹರಿಸುವ ಫ್ಲೂಯಿಡ್, ಆ್ಯಂಟಿಬಯೋಟಿಕ್, ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಎಂಬ ನಾಲ್ಕು ಸಾಲುಗಳ ಎದುರು ಒಂದೊಂದು ಗಂಟೆ ಬರೆಯಬೇಕು. ಇಷ್ಟು ಸರಳವಾದ ಹಾಳೆ ಒಬ್ಬ ಒಳ್ಳೆಯ ಡ್ಯೂಟಿ ಡಾಕ್ಟರಿಗೆ ವಿವರಣೆ ಕೇಳುವ ಪತ್ರ ತಂದಿತು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ರೋಗಿ ಮಧುಮೇಹವಿದ್ದ, 50 ಕೆ.ಜಿ. ತೂಕದ ಮಹಿಳೆ. ಮೂತ್ರದ ಸೋಂಕು, ಚಳಿಜ್ವರ. ರಾತ್ರಿ 10.40ಕ್ಕೆ, ರೋಗಿಯನ್ನು ಬಂದ ಕೂಡಲೇ ನೋಡುವ ಟ್ರಯಾಜ್‌ನಲ್ಲಿ ಬಿ.ಪಿ. 84/50, ಅಂದರೆ ಸರಾಸರಿ ಒತ್ತಡ ಸುಮಾರು 61. ಅದು ಕನಿಷ್ಠ 65 ಇರಬೇಕು. ಹಾಗಾಗಿ ಲೆಕ್ಕ ಶುರುವಾಗುವುದು 10.40ರಿಂದಲೇ. ಡಾಕ್ಟರ ನೋಟ್‌ನಲ್ಲಿದ್ದದ್ದು ಒಂದೇ ಸಾಲು: ಕಲ್ಚರ್ ಕಳಿಸಿದೆ, ಆ್ಯಂಟಿಬಯೋಟಿಕ್ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಕೊಟ್ಟಿದೆ, ಫ್ಲೂಯಿಡ್ ರಿಂಗರ್ ಲ್ಯಾಕ್ಟೇಟ್ ಒಂದೂವರೆ ಲೀಟರ್, ರಕ್ತದ ಲ್ಯಾಕ್ಟೇಟ್ 4.6. ಅದರ ಮೇಲಿನ ಗಂಟೆ 12.10.

ಆ 12.10 ಡಾಕ್ಟರು ಕುಳಿತು ನೋಟ್ ಸೇವ್ ಮಾಡಿದ ಹೊತ್ತು. ನಮ್ಮ ಸಾಫ್ಟ್‌ವೇರ್‌ಗೆ ಗೊತ್ತಿರುವುದು ಅದೊಂದೇ. ಹಾಗಾಗಿ ಪಟ್ಟಿಯಲ್ಲಿ ಆ್ಯಂಟಿಬಯೋಟಿಕ್ ಕೊಟ್ಟದ್ದು 90ನೇ ನಿಮಿಷಕ್ಕೆ ಎಂದು ಬಂತು. ಸೆಪ್ಸಿಸ್‌ನಿಂದ ಬಿ.ಪಿ. ಕುಸಿಯುವ ಸೆಪ್ಟಿಕ್ ಶಾಕ್‌ನ ಶಂಕೆ ಇದ್ದಾಗ ಒಂದು ಗಂಟೆಯೊಳಗೆ ಕೊಡಬೇಕೆಂಬುದು ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನ 2021ರ ಮಾರ್ಗಸೂಚಿ. ಆಡಳಿತದವರು ಕೆಂಪು ಬಣ್ಣ ಕಂಡರು, ಪತ್ರ ಕಳಿಸಿದರು.

ನಾನು ಸಿಸ್ಟರ್‌ಗಳ ಔಷಧಿ ಚಾರ್ಟ್ ತರಿಸಿದೆ. ಆ್ಯಂಟಿಬಯೋಟಿಕ್ ಹಚ್ಚಿದ್ದು 11.20ಕ್ಕೆ, ರೋಗಿ ಬಂದ 40ನೇ ನಿಮಿಷಕ್ಕೆ. ಆದರೆ ಹೊಸ ತೊಡಕು ಎದ್ದಿತು. ಲ್ಯಾಬ್‌ನಲ್ಲಿ ಕಲ್ಚರ್ ಬಾಟಲಿ ನೋಂದಣಿಯಾಗಿದ್ದು 11.48ಕ್ಕೆ. ಹಾಗಾದರೆ ಆ್ಯಂಟಿಬಯೋಟಿಕ್ ಆದಮೇಲೆ ಕಲ್ಚರ್ ತೆಗೆದರೇ? ಔಷಧಿ ರಕ್ತಕ್ಕೆ ಸೇರಿದ ಮೇಲೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು, ಆಗ ಯಾವ ಔಷಧಿಗೆ ಬದಲಿಸಬೇಕೆಂಬುದು ತಿಳಿಯುವುದಿಲ್ಲ. ಹಾಗೆಂದು ಕಲ್ಚರ್‌ಗಾಗಿ ಆ್ಯಂಟಿಬಯೋಟಿಕ್ ಅನ್ನು ತುಂಬಾ ಹೊತ್ತು ನಿಲ್ಲಿಸುವಂತೆಯೂ ಇಲ್ಲ.

ರಾತ್ರಿ ಪಾಳಿಯ ಸಿಸ್ಟರ್ ಅವರನ್ನೇ ಕೇಳಿದೆ. "ಸರ್, ಬಾಟಲಿಯ ಮೇಲೆ ನಾನೇ ಬರೆದಿದ್ದೇನೆ, ನೋಡಿ" ಎಂದರು. ಮೈಕ್ರೋಬಯಾಲಜಿಗೆ ಹೋಗಿ ನೋಡಿದೆ. ಲೇಬಲ್‌ನ ಅಂಚಿನಲ್ಲಿ ನೀಲಿ ಪೆನ್ನಿನಲ್ಲಿ 11.12 ಎಂದಿತ್ತು, ಒಂದು ಜೋಡಿಯಲ್ಲಿ ಎಡಗೈ, ಇನ್ನೊಂದರಲ್ಲಿ ಬಲಗೈ. ಆ್ಯಂಟಿಬಯೋಟಿಕ್‌ಗಿಂತ ಎಂಟು ನಿಮಿಷ ಮೊದಲು. 11.48 ಎಂದರೆ ವಾರ್ಡ್‌ಬಾಯ್ ಎಲ್ಲ ಸ್ಯಾಂಪಲ್‌ಗಳನ್ನು ಒಟ್ಟಿಗೆ ಕೊಂಡೊಯ್ದು ಒಪ್ಪಿಸಿದ ಹೊತ್ತು, ಅಷ್ಟೇ.

ಫ್ಲೂಯಿಡ್‌ನದೂ ಹೀಗೆಯೇ. ಕೆ.ಜಿ.ಗೆ 30 ಮಿ.ಲೀ.ಯಂತೆ 1,500 ಮಿ.ಲೀ. ಬೇಕಿತ್ತು, ಅಂದರೆ ಅರ್ಧ ಲೀಟರಿನ ಮೂರು ಬಾಟಲಿ. ಮೊದಲನೆಯದು ಹಚ್ಚಿದ್ದು 11ಕ್ಕೆ, ಮೂರನೆಯದು ಮುಗಿದದ್ದು 12.35ಕ್ಕೆ. ನೋಟ್ ಸೇವ್ ಆದಾಗ ಮೂರನೆಯದು ಇನ್ನೂ ಹರಿಯುತ್ತಿತ್ತು. "ಕೊಟ್ಟಿದೆ" ಎಂಬ ಒಂದು ಮಾತಿನಲ್ಲಿ ಆದೇಶ, ಆರಂಭ, ಮುಕ್ತಾಯ ಮೂರೂ ಕಲಸಿಹೋಗುತ್ತವೆ.

ಇಷ್ಟೆಲ್ಲ ಹುಡುಕುವಾಗ ಸಿಕ್ಕಿದ್ದು ನಿಜವಾದ ಲೋಪ. ಪಟ್ಟಿಯಲ್ಲಿ ಲ್ಯಾಕ್ಟೇಟ್‌ಗೆ ಹಸಿರು ಟಿಕ್ ಬಿದ್ದಿತ್ತು. ಮೊದಲ ಬಾರಿ 2ಕ್ಕಿಂತ ಹೆಚ್ಚು ಬಂದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಮತ್ತೆ ನೋಡಬೇಕು. ಇಲ್ಲದಿದ್ದರೆ ಕೊಟ್ಟ ಫ್ಲೂಯಿಡ್ ಫಲಿಸಿತೇ ಎಂದು ಹೇಗೆ ತಿಳಿಯಬೇಕು? ಮೊದಲ ಸ್ಯಾಂಪಲ್ 10.58ಕ್ಕೆ. ರೋಗಿಯನ್ನು ಐಸಿಯುಗೆ ಸಾಗಿಸಿದ್ದು 1.30ಕ್ಕೆ. ಎರಡನೆಯ ಸ್ಯಾಂಪಲ್ ಬೆಳಗಿನ ಜಾವ ಐದು ದಾಟಿದ ಮೇಲೆ, ರಕ್ತದ ಅನಿಲಗಳನ್ನು ಅಳೆಯುವ ದಿನನಿತ್ಯದ ಎಬಿಜಿ ಪರೀಕ್ಷೆಯ ಜೊತೆ. ಅದರಲ್ಲಿ 2.9 ಬಂತು, ಇಳಿಯುತ್ತಿತ್ತು. ಏರಿದ್ದರೂ ಆರು ಗಂಟೆ ಯಾರಿಗೂ ತಿಳಿಯುತ್ತಿರಲಿಲ್ಲ. ಐಸಿಯು ಮಾಡುತ್ತದೆ ಎಂದು ನಾವು, ಎಮರ್ಜೆನ್ಸಿ ಮಾಡಿರುತ್ತದೆ ಎಂದು ಅವರು. ತಪ್ಪೇ ಇಲ್ಲದ ಕಡೆ ಪತ್ರ ಹೋಯಿತು, ತಪ್ಪಿದ್ದ ಕಡೆ ಹಸಿರು ಉಳಿಯಿತು.

ಈಗ ಹಾಳೆ ಬದಲಾಗಿದೆ. ಆದೇಶ, ಆರಂಭ, ಮುಕ್ತಾಯಕ್ಕೆ ಬೇರೆ ಬೇರೆ ಖಾನೆಗಳು, ಪಕ್ಕದಲ್ಲಿ ಆ ಗಂಟೆ ಎಲ್ಲಿಂದ ಸಿಕ್ಕಿತೆಂಬ ಖಾನೆ: ಚಾರ್ಟ್, ಲೇಬಲ್, ಪ್ರಿಂಟ್‌ಔಟ್. ದಾಖಲೆ ಸಿಗದಿದ್ದರೆ "ತಿಳಿದಿಲ್ಲ" ಎಂದೇ ಬರೆಯಬೇಕು. ನೋಟ್‌ನ ಗಂಟೆಯಿಂದ ಊಹಿಸುವಂತಿಲ್ಲ. ಹೃದಯ ವೈಫಲ್ಯವೋ ಡಯಾಲಿಸಿಸೋ ಇರುವವರಿಗೆ ಡಾಕ್ಟರು ಬೇಕೆಂದೇ ಫ್ಲೂಯಿಡ್ ತಗ್ಗಿಸಿದರೆ ಕಾರಣ ಬರೆಯಲು ಜಾಗವಿದೆ, ಅದಕ್ಕೆ ಕೆಂಪು ಬೀಳುವುದಿಲ್ಲ. ಮೊದಲ ಲ್ಯಾಕ್ಟೇಟ್ 2 ದಾಟಿದ ಕೂಡಲೇ ಎರಡನೆಯದರ ಗಡುವನ್ನು ಸಿಸ್ಟರ್ ಬರೆದಿಡುತ್ತಾರೆ, ಹಾಳೆ ರೋಗಿಯ ಜೊತೆಗೇ ಐಸಿಯುಗೆ ಹೋಗುತ್ತದೆ.

ಲ್ಯಾಕ್ಟೇಟ್ ಅಳೆಯುವ ಎಬಿಜಿ ಯಂತ್ರದ ಗಡಿಯಾರ ಮಾತ್ರ ಇನ್ನೂ 11 ನಿಮಿಷ ಮುಂದಿದೆ. ಆ ರಾತ್ರಿಯ ಪ್ರಿಂಟ್‌ಔಟ್‌ನಲ್ಲಿ 10.58ರ ಸ್ಯಾಂಪಲ್ 11.09 ಎಂದೇ ಇತ್ತು. ಸರಿಪಡಿಸಲು ಬರೆದುಕೊಟ್ಟ ಮನವಿ ಬಯೋಮೆಡಿಕಲ್ ವಿಭಾಗದಲ್ಲಿದೆ. ಅವರು ಬರುವತನಕ ಪ್ರತಿ ಪ್ರಿಂಟ್‌ಔಟ್ ಮೇಲೂ ಗೋಡೆ ಗಡಿಯಾರ ನೋಡಿ ಪೆನ್ನಿನಲ್ಲಿ ಗಂಟೆ ಬರೆಯುತ್ತಿದ್ದೇವೆ.