ಸ್ಲೈಡ್ ಇಂಗ್ಲಿಷ್, ಮಾತು ಕನ್ನಡ

"ಹೇಳೋದೆಲ್ಲ ಕನ್ನಡದಲ್ಲಿ, ಮತ್ತೆ ಸ್ಲೈಡ್ ಮಾತ್ರ ಯಾಕೆ ಇಂಗ್ಲಿಷ್?"

ತೋಟದವರಿಗೆ ಔಷಧ ಕಲಸುವುದನ್ನು ಹೇಳಿಕೊಡುವ ಸಭೆಗಳಲ್ಲಿ ನನಗೆ ಬರುವ ಪ್ರಶ್ನೆ ಇದು. ಅಂಗಡಿಯಲ್ಲಿ ಕೊಡುವ ಔಷಧದ ಚೀಲದ ಮೇಲೆ ಇಂಗ್ಲಿಷ್ ಇರುತ್ತದೆ, ಅದಕ್ಕೆ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಕೊಡಗಿನ ಗೋಣಿಕೊಪ್ಪದ ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ನಮ್ಮವರಿಗೆ ಅರ್ಥ ಆಗಬಾರದು ಅಂತಲೇ ಹೀಗೆ ಮಾಡ್ತೀರೇನಮ್ಮಾ?" ಅಂದರು. ನನಗೆ ಸಿಟ್ಟೇ ಬಂತು. ಅರ್ಥ ಆಗಲಿ ಅಂತಲೇ ಒಂದೊಂದು ಸ್ಲೈಡಿಗೂ ಅಷ್ಟು ಹೊತ್ತು ಕೂರುತ್ತೇನೆ.

ಅವತ್ತಿನ ವಿಷಯ ಕರಿಮೆಣಸಿನ ಸೊರಗು ರೋಗ. ಮಳೆ ಹಿಡಿಯುವ ಮುಂಚೆ ಬಳ್ಳಿಗೆ ಶೇಕಡಾ 1ರ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ನೀರಿನಲ್ಲಿ ಕಲಸಿ ಮಾಡುವ ದ್ರಾವಣ, ಹೊಡೆಯಬೇಕು. ಮುಂದಿನ ಸಾಲಲ್ಲಿ ಇಂಗ್ಲಿಷ್ ಸಲೀಸಾಗಿ ಓದುವ ತೋಟದ ಮಾಲೀಕರು, ಹಿಂದೆ ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ, ಔಷಧ ಹೊಡೆಯುವವರು. ಮನೆಯಲ್ಲಿ ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಮಲಯಾಳ. ಎಲ್ಲರಿಗೂ ಕಿವಿಗೆ ಹತ್ತುವುದು ಕನ್ನಡ. ಹಾಗಾಗಿ ಮಾತು ಕನ್ನಡದಲ್ಲೇ, ಅದರಲ್ಲಿ ಚರ್ಚೆಯೇ ಇಲ್ಲ.

ಪರದೆ ಮೇಲೆ ನಾನು ಇಟ್ಟಿದ್ದು ಇಷ್ಟೇ:

```
Copper Sulphate   1 kg
Lime              1 kg
Water             100 L
```

ಪಕ್ಕದಲ್ಲಿ ಚೀಲದ ಫೋಟೋ. ಬಾಯಲ್ಲಿ ಮೈಲುತುತ್ತ, ಸುಣ್ಣ, ನೀರು ಅಂತಲೇ ಹೇಳುತ್ತೇನೆ. ಆದರೆ ಅಂಗಡಿಗೆ ಹೋದಾಗ ಅದೇ ಸಾಲಿನಲ್ಲಿ Copper Oxychloride ಕೂಡ ಇರುತ್ತದೆ. ಮೊದಲ ಪದ ಒಂದೇ, ಮಾಲು ಬೇರೆ. ಅದನ್ನು ನೇರವಾಗಿ ನೀರಿಗೆ ಕಲಸಿ ಹೊಡೆಯುತ್ತಾರೆ, ಸುಣ್ಣದ ಜೊತೆ ಬೋರ್ಡೋ ಮಾಡುವುದಕ್ಕೆ ಅದು ಆಗುವುದಿಲ್ಲ. ಇಂಗ್ಲಿಷ್ ಬಾರದ ಮೇಸ್ತ್ರಿಯೂ ಎರಡನೇ ಪದದ ಆಕಾರ ನೋಡಿಟ್ಟುಕೊಂಡರೆ ಚೀಲ ಗುರುತಿಸುತ್ತಾರೆ. ಸ್ಲೈಡಿನಲ್ಲಿ "ಮೈಲುತುತ್ತ" ಅಂತ ಮಾತ್ರ ಬರೆದಿದ್ದರೆ ಆ ಸಹಾಯ ಸಿಗುತ್ತಿರಲಿಲ್ಲ ಅಲ್ವಾ?

ಎರಡೂ ಭಾಷೆ ಹಾಕಿ ಅನ್ನುತ್ತಾರೆ. ಹಾಕಿದರೆ ಅಕ್ಷರ ಅರ್ಧಕ್ಕೆ ಇಳಿಯುತ್ತದೆ, ಹಿಂದಿನ ಸಾಲಿಗೆ ಎರಡೂ ಕಾಣುವುದಿಲ್ಲ.

ನಿಜವಾದ ತೊಂದರೆ ಇರುವುದು ಸ್ಲೈಡಿನಲ್ಲಿ ಪೂರ್ತಿ ಇಂಗ್ಲಿಷ್ ವಾಕ್ಯ ಬರೆಯುವುದರಲ್ಲಿ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿದ್ದದ್ದು ಇದನ್ನೇ. ಬೇರೊಬ್ಬರ ಸ್ಲೈಡಿನಲ್ಲಿ "Pour copper sulphate solution into lime solution" ಅಂತ ಇತ್ತು. ಅದನ್ನೇ ಕನ್ನಡದಲ್ಲಿ ಹೇಳುವಾಗ "ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿಯಿರಿ" ಅಂತ ಬಾಯಿಗೆ ಬರುತ್ತದೆ. ಪರದೆಯಲ್ಲಿ ಮೊದಲು ಮೈಲುತುತ್ತ, ಕಿವಿಯಲ್ಲಿ ಮೊದಲು ಸುಣ್ಣ. ಓದುತ್ತಾ ಕೇಳುವವರಿಗೆ ಯಾವುದಕ್ಕೆ ಯಾವುದು ಅನ್ನುವುದೇ ಕಲಸಿಹೋಗುತ್ತದೆ, ಮತ್ತೆ ಈ ಕೆಲಸದಲ್ಲಿ ತಪ್ಪಬಾರದ್ದು ಆ ಕ್ರಮವೇ. ಇನ್ನು ಇಂಗ್ಲಿಷ್ ಚೆನ್ನಾಗಿ ಬರುವವರು ವಾಕ್ಯ ಓದಿ ಮುಗಿಸಿ ಫೋನ್ ತೆಗೆಯುತ್ತಾರೆ.

ಅದಕ್ಕೆ ಅಲ್ಲಿ ನಾನು ವಾಕ್ಯ ಬರೆಯುವುದಿಲ್ಲ. ಎರಡು ಪ್ಲಾಸ್ಟಿಕ್ ಡ್ರಮ್ ಬಿಡಿಸುತ್ತೇನೆ, ಒಂದೊಂದರಲ್ಲೂ 50 ಲೀಟರ್. ಮೊದಲು ಕಾಣಿಸುವುದು ಸುಣ್ಣದ ಡ್ರಮ್. ಅದರ ಬಗ್ಗೆ ಮಾತಾಡಿ ಮುಗಿದ ಮೇಲೆ ಮೈಲುತುತ್ತದ ನೀಲಿ ಡ್ರಮ್ ಬರಲಿ. ಕೊನೆಗೆ, "ಸುರಿಯಿರಿ" ಅನ್ನುವಾಗ, ನೀಲಿಯಿಂದ ಸುಣ್ಣದ ಕಡೆ ಬಾಣ. ಅಂದರೆ ಸ್ಲೈಡಿನ ಅನಿಮೇಷನ್ ಕನ್ನಡ ವಾಕ್ಯದ ಕ್ರಮದಲ್ಲೇ ನಡೆಯುತ್ತದೆ, ಬರೆದ ಹೆಸರುಗಳು ಮಾತ್ರ ಇಂಗ್ಲಿಷ್.

ಕಲಸಿದ ಬೋರ್ಡೋ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವ ಸ್ಲೈಡೂ ಹಾಗೆಯೇ. "Add lime if the blade turns red" ಅಂತ ಬರೆದರೆ ಮಾಡಬೇಕಾದ್ದು ಮೊದಲು, ಕಾರಣ ಆಮೇಲೆ. ಕನ್ನಡದಲ್ಲಿ ನಾವು ಹೇಳುವುದು ಉಲ್ಟಾ: ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಡಿ, ಕೆಂಪು ಹತ್ತಿಕೊಂಡರೆ ತಾಮ್ರ ಜಾಸ್ತಿ ಉಳಿದಿದೆ, ಇನ್ನಷ್ಟು ಸುಣ್ಣದ ನೀರು ಹಾಕಿ. ಹಾಗಾಗಿ ಸ್ಲೈಡಿನಲ್ಲಿ `Red → Lime` ಅಷ್ಟೇ. ಎಡಗಡೆ ಕಂಡದ್ದು, ಬಲಗಡೆ ಮಾಡಬೇಕಾದ್ದು. ಎರಡು ಭಾಷೆಯವರಿಗೂ ಇದು ಒಂದೇ ದಾರಿಯಲ್ಲಿ ಓದಿಕೊಳ್ಳುತ್ತದೆ.

ಇದಕ್ಕೂ ಮಿತಿ ಇದೆ. ಬೋರ್ಡೋ ಮಾಡಿದ ದಿನವೇ ಹೊಡೆದು ಮುಗಿಸಬೇಕು, ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು. ಇಂಥದ್ದು ಬಾಣದಲ್ಲಿ ಕೂರುವುದಿಲ್ಲ, ಮಾತಿನಲ್ಲಿ ಹೇಳಿದ್ದು ಲೈನ್ ಮನೆ ಸೇರುವಷ್ಟರಲ್ಲಿ ಮರೆತುಹೋಗುತ್ತದೆ. ಅದಕ್ಕೆ ಕೈಗೊಂದು ಚೀಟಿ ಕೊಡುತ್ತೇನೆ, ಅದು ಪೂರ್ತಿ ಕನ್ನಡ, ಅವೇ ಚಿತ್ರ, ಅವೇ ಅಂಕಿ. ಸ್ಲೈಡ್ 3ರಲ್ಲಿ ಇದ್ದದ್ದು ಚೀಟಿಯಲ್ಲೂ 3ನೇ ಚಿತ್ರ. ಚೀಲದ ಮೇಲಿನ ಇಂಗ್ಲಿಷ್ ಹೆಸರನ್ನು ಮಾತ್ರ ಹಾಗೇ ಬಿಡುತ್ತೇನೆ.

ಸಭೆಗೆ ಮುಂಚೆ ಇಂಗ್ಲಿಷ್ ಓದಲು ಬಾರದ ಒಬ್ಬರಿಗೆ ಡ್ರಮ್ಮಿನ ಸ್ಲೈಡ್ ತೋರಿಸಿ, ಏನೂ ವಿವರಿಸದೆ, "ಯಾವುದನ್ನ ಯಾವುದಕ್ಕೆ ಹಾಕ್ತೀರಾ ಅಣ್ಣಾ?" ಅಂತ ಕೇಳುತ್ತೇನೆ. ಅವರು ತಡವರಿಸಿದರೆ ಆ ಸ್ಲೈಡನ್ನು ಇನ್ನೊಮ್ಮೆ ಬಿಡಿಸುತ್ತೇನೆ.